ಸರ್ವೆ ನಂಬರ್ 14/2 ಹೋಗಿ 14-Feb ಆಗಿದೆ, ಅಕೌಂಟ್ ನಂಬರ್ ಹೋಗಿ E+15 ಆಗಿದೆ. ಏನ್ ಮಾಡೋದು?

ಮೆಕ್ಕೆಜೋಳ_ಜಗಳೂರು

ಎಲ್ಲರಿಗೂ ನಮಸ್ಕಾರ. ಜಗಳೂರು ಕಡೆಯ ಒಂದು ರೈತರ ಸಂಘದಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಮೆಕ್ಕೆಜೋಳ ಹಾಕಿದ 186 ರೈತರಿಗೆ ದುಡ್ಡು ಹಾಕಬೇಕಿತ್ತು. ನಮ್ಮ ಸಾಫ್ಟ್‌ವೇರ್‌ನಿಂದ ಪಟ್ಟಿ ಸಿಎಸ್‌ವಿ ಫೈಲಾಗಿ ಇಳಿಯುತ್ತದೆ, ಅದನ್ನೇ ಬ್ಯಾಂಕಿನ ಸೈಟಿಗೆ ಹಾಕಬೇಕು. ಇಬ್ಬರ ಮೊತ್ತ ತಪ್ಪಿತ್ತು. ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದೆ, ಎರಡು ಮೊತ್ತ ತಿದ್ದಿದೆ, ಸೇವ್ ಕೊಟ್ಟೆ. ಏನೋ ಕೇಳಿತು, Yes ಒತ್ತಿದೆ. ಅಷ್ಟೇ ನಾನು ಮಾಡಿದ್ದು.

ಬ್ಯಾಂಕಿನಿಂದ 41 ಹೆಸರು ವಾಪಸ್ ಬಂದಿವೆ. ಫೈಲ್ ತೆರೆದು ನೋಡಿದರೆ ಅಕೌಂಟ್ ನಂಬರ್ ಜಾಗದಲ್ಲಿ 1.23E+15 ಅಂತ ಇದೆ. ಅದೂ ಇಪ್ಪತ್ತೆರಡು ಜನಕ್ಕೆ ಒಂದೇ ನಂಬರ್! ಸದಸ್ಯರ ನಂಬರ್ 00417 ಇದ್ದದ್ದು ಬರೀ 417 ಆಗಿದೆ. ಪಹಣಿಯ ಸರ್ವೆ ನಂಬರ್ 14/2 ಇದ್ದ ಕಡೆ 14-Feb ಅಂತ ಬಂದಿದೆ. 118/3 ಮಾತ್ರ ಹಾಗೇ ಇದೆ, ಅದೊಂದು ವಿಚಿತ್ರ.

ನಾನು ಅಕೌಂಟ್ ನಂಬರ್ ಮುಟ್ಟೇ ಇಲ್ಲ. ಆದರೆ ಅಧ್ಯಕ್ಷರು ನಂಬುತ್ತಿಲ್ಲ. ಸೋಮವಾರ ಬೆಳಗ್ಗೆ ರೈತರು ಆಫೀಸ್ ಬಾಗಿಲಿಗೆ ಬರುತ್ತಾರೆ. ಆಫೀಸಿನಲ್ಲಿರುವುದು ಎಕ್ಸೆಲ್ 2010.

ಬೆಣ್ಣೆದೋಸೆ_577002

ಇದು ತುಂಬಾ ಸುಲಭ ಅಕ್ಕ. ಆ ಕಾಲಂ ಪೂರ್ತಿ ಸೆಲೆಕ್ಟ್ ಮಾಡಿ, ರೈಟ್ ಕ್ಲಿಕ್, Format Cells, ಅಲ್ಲಿ Text ಕೊಡಿ. ಎಲ್ಲಾ ಸರಿ ಹೋಗುತ್ತೆ. ಸೊನ್ನೆ ಬೇಕಾದರೆ Custom ಒಳಗೆ 00000 ಅಂತ ಹಾಕಿ, 417 ಇದ್ದದ್ದು 00417 ಆಗುತ್ತೆ. ನಾನು ಅಂಗಡಿ ಸ್ಟಾಕಿಗೆ ಹೀಗೇ ಮಾಡೋದು.

ತುಂಗಭದ್ರಾ_ಹರಿಹರ

ಕಾಲಂ ಅಗಲ ಸಾಲುತ್ತಿಲ್ಲ ಅನ್ಸುತ್ತೆ. ಮೇಲೆ C ಮತ್ತು D ನಡುವಿನ ಗೆರೆ ಮೇಲೆ ಡಬಲ್ ಕ್ಲಿಕ್ ಮಾಡಿ ನೋಡಿ. ನನಗೂ ##### ಅಂತ ಬರ್ತಿತ್ತು, ಅಗಲ ಮಾಡಿದ ಮೇಲೆ ಸರಿಯಾಯ್ತು.

ಮೆಕ್ಕೆಜೋಳ_ಜಗಳೂರು

ಅಗಲ ಮಾಡಿದೆ ಅಣ್ಣ. 1.23E+15 ಹಾಗೇ ಇದೆ. Format Cells ಮಾಡಿದೆ, 1.23457E+15 ಆಯ್ತು, ಅಷ್ಟೇ. ಸರ್ವೆ ನಂಬರಿನ ಕಾಲಂಗೆ Text ಕೊಟ್ಟರೆ 14-Feb ಹೋಗಿ 45702 ಅಂತ ಬಂತು! ಇದೇನು ಹೊಸ ಕಥೆ?

ಹಳೇ_ಕಡತ

ಮೊದಲು ಒಂದು ಮಾತು. ಆ ಫೈಲನ್ನು ಇನ್ನೊಮ್ಮೆ ಸೇವ್ ಮಾಡಬೇಡಿ. ಮುಚ್ಚುವಾಗ ಸೇವ್ ಮಾಡಬೇಕಾ ಅಂತ ಕೇಳಿದರೆ Don't Save ಒತ್ತಿ.

ನಾನು ದಾವಣಗೆರೆಯಲ್ಲಿ ಇಪ್ಪತ್ತು ವರ್ಷ ಬೇರೆ ಬೇರೆ ಆಫೀಸುಗಳ ಸಂಬಳದ ಪಟ್ಟಿ, ಪಾವತಿ ಪಟ್ಟಿ ಮಾಡಿದವನು. ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಅಧ್ಯಕ್ಷರಿಗೆ ಹೇಳಿ, ನೀವು ನಿಜವಾಗಿಯೂ ಅಕೌಂಟ್ ನಂಬರ್ ಮುಟ್ಟಿಲ್ಲ. ಆದರೆ ಎಕ್ಸೆಲ್ ಮುಟ್ಟಿದೆ. ಎರಡು ಸಲ ಮುಟ್ಟಿದೆ.

ಸಿಎಸ್‌ವಿ ಅಂದರೆ ಬರೀ ಅಕ್ಷರ, ನಡುವೆ ಕಾಮಾ. ಇದು ಅಕೌಂಟ್ ನಂಬರ್, ಇದು ದುಡ್ಡು ಅಂತ ಅದರಲ್ಲಿ ಎಲ್ಲೂ ಬರೆದಿರುವುದಿಲ್ಲ. ಡಬಲ್ ಕ್ಲಿಕ್ ಮಾಡಿದಾಗ ಎಕ್ಸೆಲ್ ತಾನೇ ಊಹೆ ಮಾಡುತ್ತದೆ. ಬರೀ ಅಂಕಿ ಕಂಡರೆ ಸಂಖ್ಯೆ ಅಂದುಕೊಳ್ಳುತ್ತದೆ. ಸಂಖ್ಯೆಗೆ ಮುಂದಿನ ಸೊನ್ನೆ ಯಾಕೆ ಬೇಕು? ಕಿತ್ತು ಹಾಕುತ್ತದೆ. 00417 ಹೋಗಿ 417 ಆಗುವುದು ಹೀಗೆ.

ಈಗ ನಿಮ್ಮ 16 ಅಂಕಿಯ ಅಕೌಂಟ್ ತೆಗೆದುಕೊಳ್ಳೋಣ. ನಿಜವಾದ ನಂಬರ್ ಬೇಡ, ಸುಮ್ನೆ 1234567890123456 ಅಂತ ಇಟ್ಟುಕೊಳ್ಳಿ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿ ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಹದಿನಾರನೆಯದು ಸೊನ್ನೆ. ಸೆಲ್ ಮೇಲೆ ಕ್ಲಿಕ್ ಮಾಡಿ ಮೇಲಿನ ಫಾರ್ಮುಲಾ ಪಟ್ಟಿ ನೋಡಿದರೆ 1234567890123450 ಅಂತ ಇರುತ್ತದೆ. ಇದು ಮೊದಲನೇ ಪೆಟ್ಟು, ಫೈಲ್ ತೆರೆದಾಗಲೇ ಬಿದ್ದದ್ದು. ಆದರೆ ಆಗ ಡಿಸ್ಕಿನಲ್ಲಿದ್ದ ಫೈಲ್ ಇನ್ನೂ ಸರಿಯಾಗೇ ಇತ್ತು.

ಎರಡನೇ ಪೆಟ್ಟು ಸೇವ್ ಮಾಡಿದಾಗ. ಸಿಎಸ್‌ವಿ ಆಗಿ ಸೇವ್ ಮಾಡುವಾಗ ಎಕ್ಸೆಲ್ ಒಳಗಿರುವ ಸಂಖ್ಯೆಯನ್ನು ಬರೆಯುವುದಿಲ್ಲ, ಸೆಲ್ಲಿನಲ್ಲಿ ತೋರಿಸುವ ರೂಪವನ್ನು ಬರೆಯುತ್ತದೆ. 11 ಅಂಕಿ ದಾಟಿದ ಸಂಖ್ಯೆಯನ್ನು ಅದು ತೋರಿಸುವುದೇ 1.23457E+15 ಅಂತ. ಹಾಗಾಗಿ ಫೈಲಿಗೆ ಹೋದದ್ದೂ ಅದೇ ಅಕ್ಷರಗಳು. ಮತ್ತೆ ತೆರೆದರೆ 1234570000000000. ಉಳಿದದ್ದು ಮೊದಲ ಆರು ಅಂಕಿ ಮಾತ್ರ, ಅದರಲ್ಲೂ ಕೊನೆಯದು ಮೇಲಕ್ಕೆ ಹಾರಿದೆ. ಒಂದೇ ಶಾಖೆಯ ಅಕೌಂಟುಗಳಿಗೆ ಮೊದಲ ಅಂಕಿಗಳು ಸಾಮಾನ್ಯವಾಗಿ ಒಂದೇ ಇರುತ್ತವೆ. ಇಪ್ಪತ್ತೆರಡು ಜನಕ್ಕೆ ಒಂದೇ ನಂಬರ್ ಬಂದಿದ್ದು ಅದಕ್ಕೇ.

ಬೆಣ್ಣೆದೋಸೆಯವರು ಹೇಳಿದ Text, ಊಟ ಆದ ಮೇಲೆ ಎಲೆ ಹಾಕಿದ ಹಾಗೆ. ಸಂಖ್ಯೆ ಆಗಿಹೋದ ಮೇಲೆ Text ಕೊಟ್ಟರೆ ಹೋದ ಅಂಕಿ ಎಲ್ಲಿಂದ ಬರಬೇಕು? 45702 ಬಂದಿದ್ದೂ ಅದರಿಂದಲೇ. ಎಕ್ಸೆಲ್ ತಾರೀಕನ್ನು ಒಳಗೆ ದಿನಗಳ ಲೆಕ್ಕವಾಗಿ ಇಡುತ್ತದೆ, 1900ರ ಜನವರಿ 1 ಅಂದರೆ ಒಂದು. 2025ರ ಫೆಬ್ರವರಿ 14 ಅಂದರೆ 45702. ನಿಮ್ಮ 14/2 ಅದರ ಕಣ್ಣಿಗೆ ಫೈಲ್ ತೆರೆದ ವರ್ಷದ ಫೆಬ್ರವರಿ ಹದಿನಾಲ್ಕು. 118/3 ಉಳಿದದ್ದು ಯಾಕೆ? ತಿಂಗಳಲ್ಲಿ 118ನೇ ದಿನ ಇಲ್ಲ, ವರ್ಷದಲ್ಲಿ 118ನೇ ತಿಂಗಳೂ ಇಲ್ಲ. ಊಹೆ ಸೋತಿತು, ಅಕ್ಷರ ಅಂತ ಬಿಟ್ಟಿತು.

ಈಗ ಮುಖ್ಯ ಪ್ರಶ್ನೆ. ಸಾಫ್ಟ್‌ವೇರ್‌ನಿಂದ ಇಳಿದ ಮೊದಲ ಫೈಲ್, ಎಕ್ಸೆಲ್ ಮುಟ್ಟದೇ ಇರುವುದು, ಎಲ್ಲಾದರೂ ಇದೆಯಾ?

ಮೆಕ್ಕೆಜೋಳ_ಜಗಳೂರು

ಅದರ ಮೇಲೇ ಸೇವ್ ಮಾಡಿಬಿಟ್ಟೆ ಸರ್. ಸಾಫ್ಟ್‌ವೇರ್‌ನಲ್ಲಿ ಆ ಕಂತು ಕ್ಲೋಸ್ ಮಾಡಿ ಆಗಿದೆ, ಮತ್ತೆ ಇಳಿಸೋಕೆ ಬಿಡುತ್ತಿಲ್ಲ.

ತಾಳಿ, ಒಂದು ನಿಮಿಷ. ಕಾರ್ಯದರ್ಶಿಗೆ ಮೊದಲೇ ಒಂದು ಕಾಪಿ ಮೇಲ್ ಮಾಡಿದ್ದೆ ಅಂತ ನೆನಪು.

ಚಿತ್ರದುರ್ಗ_ಮೇಷ್ಟ್ರು

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಶಾಲೆಯ ಮಕ್ಕಳ ಪಟ್ಟಿ ಸಿಎಸ್‌ವಿಯಲ್ಲಿದೆ. ತೆರೆದರೆ ಕನ್ನಡ ಹೆಸರುಗಳೆಲ್ಲ à²¸à³ ಅಂತ ಏನೇನೋ ಬರುತ್ತವೆ. ಇದೂ ಇದೇ ರೋಗವಾ? ಜೊತೆಗೆ ಹುಟ್ಟಿದ ತಾರೀಕಿನದ್ದೂ ಒಂದು ಗೋಳಿದೆ. ಕೆಲವು ಎಡಕ್ಕೆ ಅಂಟಿವೆ, ಕೆಲವು ಬಲಕ್ಕೆ. ಪ್ರಮಾಣಪತ್ರಕ್ಕೆ ತಿಂಗಳ ಹೆಸರು ಬರಲಿ ಅಂತ ಫಾರ್ಮ್ಯಾಟ್ ಬದಲಿಸಿದೆ. ಜೂನ್ 5ರಂದು ಹುಟ್ಟಿದ ಹುಡುಗಿಗೆ 06-May ಬಂತು. ತಾಯಿ ಬಂದು ಜಗಳ ಮಾಡಿಕೊಂಡು ಹೋದರು.

ಅಡಿಕೆ_ಚನ್ನಗಿರಿ

ಎಲ್ಲರೂ ಎಕ್ಸೆಲ್ ಹಿಡಿದುಕೊಂಡೇ ಯಾಕೆ ಒದ್ದಾಡುತ್ತೀರೋ. ಲಿಬ್ರೆಆಫೀಸ್ ಹಾಕಿಕೊಳ್ಳಿ, ಪುಕ್ಕಟೆ. ಸಿಎಸ್‌ವಿ ತೆರೆದರೆ ಮೊದಲೇ ಒಂದು ಕಿಟಕಿ ಬಂದು ಯಾವ ಕಾಲಂ ಏನು ಅಂತ ಕೇಳುತ್ತೆ. ಕೆಳಗೆ ಕಾಲಂ ತಲೆ ಮೇಲೆ ಕ್ಲಿಕ್ ಮಾಡಿ Column type ಒಳಗೆ Text ಕೊಟ್ಟರೆ ಮುಗೀತು.

ಇಲ್ಲಾಂದ್ರೆ ಸಾಫ್ಟ್‌ವೇರ್‌ನವರಿಗೇ ಹೇಳಿ, ನಂಬರನ್ನು ಹೀಗೆ ಬರೆದು ಕೊಡಲಿ:

```
="00417"
```

ಹೀಗಿದ್ದರೆ ಡಬಲ್ ಕ್ಲಿಕ್ ಮಾಡಿದರೂ ಸೊನ್ನೆ ಹೋಗಲ್ಲ.

ಹಳೇ_ಕಡತ

ಅಡಿಕೆಯವರೇ, ಲಿಬ್ರೆಆಫೀಸ್ ಮಾತು ನೂರಕ್ಕೆ ನೂರು ಒಪ್ಪಿದೆ. ಆ ಸಮ ಚಿಹ್ನೆಯ ಉಪಾಯ ಮಾತ್ರ ಬೇಡ. ಎಕ್ಸೆಲ್‌ಗೆ ಅದು ಸರಿ. ಆದರೆ ಈ ಫೈಲ್ ಹೋಗುವುದು ಬ್ಯಾಂಕಿಗೆ. ಬ್ಯಾಂಕಿನ ಸೈಟ್ ಅದನ್ನು ಸೂತ್ರ ಅಂತ ಓದುವುದಿಲ್ಲ, ಸಮ ಚಿಹ್ನೆ ಸಮೇತ ಅಕೌಂಟ್ ನಂಬರ್ ಅಂತ ಓದುತ್ತದೆ. 41ರ ಬದಲು 186 ವಾಪಸ್ ಬರುತ್ತವೆ.

ಕೆಲವರು ಬರೀ ಕೋಟ್ ಹಾಕಿದರೆ ಸಾಕು ಅಂತಾರೆ. ಸಾಲದು. ಸಿಎಸ್‌ವಿಯಲ್ಲಿ ಕೋಟ್ ಇರುವುದು ಒಳಗಿನ ಕಾಮಾ ಕಾಯೋದಕ್ಕೆ. ಎಕ್ಸೆಲ್ ಕೋಟ್ ಬಿಚ್ಚಿ, ಒಳಗೆ ಅಂಕಿ ಕಂಡರೆ ಮತ್ತೆ ಸಂಖ್ಯೆ ಮಾಡುತ್ತದೆ.

ಮೇಷ್ಟ್ರೇ, ನಿಮ್ಮದು ಎರಡು ಬೇರೆ ಬೇರೆ ರೋಗ. ಸ್ವಲ್ಪ ತಾಳಿ, ಬರುತ್ತೇನೆ. ಸೋಮವಾರ ಬಾಗಿಲಿಗೆ ರೈತರು ಬರುವುದು ಇವರಿಗೆ.

ಮೆಕ್ಕೆಜೋಳ_ಜಗಳೂರು

ಸಿಕ್ಕಿತು ಸರ್!! ಮೇಲ್‌ನಲ್ಲಿ ಹಳೇ ಫೈಲ್ ಇದೆ. ಆದರೆ ಅದನ್ನು ತೆರೆದರೂ E+15 ಅಂತಲೇ ತೋರಿಸುತ್ತಿದೆ. ಅದೂ ಹಾಳಾಗಿದೆಯಾ?

ಹಳೇ_ಕಡತ

ಎಕ್ಸೆಲ್‌ನಲ್ಲಿ ತೆರೆದಿರಿ, ಅಲ್ವಾ? ಎಕ್ಸೆಲ್‌ನಲ್ಲಿ ನೋಡಿ ಫೈಲ್ ಹಾಳಾಗಿದೆಯೋ ಇಲ್ಲವೋ ಹೇಳಲು ಆಗದು. ಸೇವ್ ಮಾಡದೆ ಮುಚ್ಚಿ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, Open with, Notepad. ನೋಟ್‌ಪ್ಯಾಡ್ ಏನೂ ಊಹೆ ಮಾಡುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ.

ಮೆಕ್ಕೆಜೋಳ_ಜಗಳೂರು

ಅಬ್ಬಾ. ಎಲ್ಲಾ ಸರಿಯಾಗಿದೆ. 00417 ಇದೆ, 14/2 ಇದೆ, ಹದಿನಾರು ಅಂಕಿ ಪೂರ್ತಿ ಇದೆ. ಹಾಳಾದ ಫೈಲನ್ನೂ ನೋಟ್‌ಪ್ಯಾಡ್‌ನಲ್ಲಿ ತೆರೆದು ಪಕ್ಕದಲ್ಲಿಟ್ಟುಕೊಂಡೆ. ಒಂದೇ ಸಾಲು ಎರಡು ಕಡೆ ಹೀಗಿದೆ (ಅಕೌಂಟ್ ನಂಬರ್ ನೀವು ಕೊಟ್ಟ ಸುಳ್ಳು ನಂಬರೇ ಹಾಕಿದ್ದೇನೆ, ಹೆಸರು ತೆಗೆದಿದ್ದೇನೆ):

```
00417,14/2,1234567890123456,48250
417,14-Feb,1.23457E+15,48250
```

ಸ್ಕ್ರೀನ್‌ಶಾಟ್ ಅಧ್ಯಕ್ಷರಿಗೆ ವಾಟ್ಸಾಪ್ ಮಾಡಿದ್ದೇನೆ. ನೋಡಿದ್ದಾರೆ, ನೀಲಿ ಟಿಕ್ ಬಂದಿದೆ, ಉತ್ತರ ಇಲ್ಲ.

ವಾಪಸ್ ಬಂದ 41ರಲ್ಲಿ ಆರು ಜನಕ್ಕೆ E+ ಇಲ್ಲ ಸರ್. ನಂಬರ್ ನೋಡಿದರೆ ಚೆನ್ನಾಗೇ ಇತ್ತು. ಈಗ ಹೋಲಿಸಿದರೆ ಗೊತ್ತಾಯ್ತು, ಅವು 12 ಅಂಕಿಯವು, ಸೊನ್ನೆಯಿಂದ ಶುರುವಾಗುತ್ತವೆ. ಸೊನ್ನೆ ಹೋಗಿ 11 ಉಳಿದಿದೆ.

ಹಳೇ_ಕಡತ

ಆ ಆರೇ ನಿಜವಾಗಿ ಅಪಾಯದವು. E+ ಇರುವುದನ್ನು ಸೈಟೇ ತಳ್ಳಿಹಾಕುತ್ತದೆ. ಆದರೆ 11 ಅಂಕಿ ಇರುವ ನಂಬರ್ ನೋಡೋಕೆ ಒಳ್ಳೆಯ ನಂಬರಿನ ಹಾಗೇ ಇರುತ್ತದೆ. ನೆಫ್ಟ್‌ನಲ್ಲಿ ದುಡ್ಡು ಜಮಾ ಆಗುವುದು ಅಕೌಂಟ್ ನಂಬರ್ ನೋಡಿ, ಹೆಸರು ನೋಡಿ ಅಲ್ಲ. ಅದೃಷ್ಟಕ್ಕೆ ಅಂಥ ಅಕೌಂಟ್ ಇರಲಿಲ್ಲ, ವಾಪಸ್ ಬಂತು.

ಈಗ ಕೆಲಸ. ನೀವು ತಿದ್ದಬೇಕಿದ್ದದ್ದು ಎರಡು ಮೊತ್ತ ಮಾತ್ರ, ಅಲ್ವಾ? ಅದಕ್ಕೆ ಎಕ್ಸೆಲ್ ಯಾಕೆ ಬೇಕು? ಮೂಲ ಫೈಲಿನ ಒಂದು ಕಾಪಿ ಮಾಡಿಕೊಳ್ಳಿ. ಕಾಪಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. Ctrl+F ಒತ್ತಿ ಸದಸ್ಯರ ನಂಬರ್ ಹುಡುಕಿ, ಮೊತ್ತ ತಿದ್ದಿ, ಸೇವ್. ಮುಗಿಯಿತು. ಒಂದೇ ಎಚ್ಚರ, ಮೊತ್ತದಲ್ಲಿ ನಮ್ಮ ರೂಢಿಯಂತೆ 1,25,000 ಅಂತ ಕಾಮಾ ಹಾಕಬೇಡಿ. 125000 ಅಂತಲೇ ಬರೆಯಿರಿ. ಕಾಮಾ ಹಾಕಿದರೆ ಒಂದು ಕಾಲಂ ಮೂರಾಗುತ್ತದೆ.

ಮೆಕ್ಕೆಜೋಳ_ಜಗಳೂರು

ಅಯ್ಯೋ, ಇಷ್ಟೇನಾ! ಆದರೆ ಸರ್, ಉಳಿದ 145 ಜನಕ್ಕೆ ದುಡ್ಡು ಹೋಗಿದೆ. ಮತ್ತೆ ಪೂರ್ತಿ ಫೈಲ್ ಹಾಕಿದರೆ ಅವರಿಗೆ ಎರಡನೇ ಸಲ ಹೋಗುತ್ತೆ. 41 ಜನರನ್ನು ಮಾತ್ರ ಬೇರೆ ಮಾಡಬೇಕು. ಅದಕ್ಕೆ ಎಕ್ಸೆಲ್ ಬೇಕಲ್ಲ?

ಹಳೇ_ಕಡತ

ಹೌದು, ಅದಕ್ಕೆ ಬೇಕು. ಒಳ್ಳೆಯದಾಯ್ತು ಕೇಳಿದಿರಿ, ನಾನು ಅದನ್ನು ಯೋಚಿಸಿರಲಿಲ್ಲ.

2010ರಲ್ಲಿ ಹೀಗೆ. ಮೊದಲು ಖಾಲಿ ಎಕ್ಸೆಲ್ ತೆರೆಯಿರಿ. ಫೈಲ್ ಮೇಲೆ ಡಬಲ್ ಕ್ಲಿಕ್ ಬೇಡ. ಮೇಲೆ Data ಒಳಗೆ From Text ಒತ್ತಿ ಫೈಲ್ ಆರಿಸಿ. ಮೂರು ಮೆಟ್ಟಿಲಿನ ಕಿಟಕಿ ಬರುತ್ತದೆ. ಮೊದಲನೆಯದರಲ್ಲಿ Delimited. ಎರಡನೆಯದರಲ್ಲಿ Tab ತೆಗೆದು Comma ಟಿಕ್ ಮಾಡಿ. ಎಲ್ಲರೂ ಇಲ್ಲೇ Finish ಒತ್ತಿ ಕೆಡಿಸಿಕೊಳ್ಳುವುದು. ಮೂರನೆಯದಕ್ಕೆ ಹೋಗಿ. ಅಲ್ಲಿ ಎಲ್ಲಾ ಕಾಲಂ ಮೇಲೆ General ಅಂತ ಇರುತ್ತದೆ. ಮೊದಲ ಕಾಲಂ ಕ್ಲಿಕ್ ಮಾಡಿ, ಪಕ್ಕಕ್ಕೆ ಸರಿದು, Shift ಹಿಡಿದು ಕೊನೆಯ ಕಾಲಂ ಕ್ಲಿಕ್ ಮಾಡಿ. ಎಲ್ಲಾ ಕಪ್ಪಾಗುತ್ತವೆ. ಆಗ ಮೇಲೆ Text ಕೊಟ್ಟು Finish. ಮೊತ್ತದ ಕಾಲಂ ಒಂದನ್ನು General ಆಗಿ ಬಿಟ್ಟರೆ ಕೂಡಿಸಿ ನೋಡಲು ಅನುಕೂಲ.

ಹೀಗೆ ಬಂದ ಅಕೌಂಟ್ ನಂಬರ್ ಸೆಲ್ಲಿನ ಎಡಕ್ಕೆ ಅಂಟಿರುತ್ತದೆ. ಬಲಕ್ಕೆ ಅಂಟಿದ್ದರೆ ಅದು ಸಂಖ್ಯೆ ಆಗಿದೆ ಅಂತ ತಿಳಿಯಿರಿ. ಕಣ್ಣನ್ನು ನಂಬದಿದ್ದರೆ ಪಕ್ಕದ ಖಾಲಿ ಕಾಲಂನಲ್ಲಿ ಹೀಗೆ ಹಾಕಿ ಕೆಳಗಿನವರೆಗೂ ಎಳೆಯಿರಿ:

```
=ISTEXT(D2)
```

ಎಲ್ಲೂ FALSE ಬರಬಾರದು.

ಬೆಣ್ಣೆದೋಸೆ_577002

ಅಂದರೆ ನಾನು ಹೇಳಿದ Text ಸರಿನೇ, ಜಾಗ ಮಾತ್ರ ತಪ್ಪು. 😀 ಆದರೆ ನನ್ನ 00000 ಉಪಾಯ ಕೆಲಸ ಮಾಡುತ್ತೆ ಸರ್. ಸೇವ್ ಮಾಡಿ ನೋಟ್‌ಪ್ಯಾಡ್‌ನಲ್ಲಿ ಈಗಷ್ಟೇ ನೋಡಿದೆ. 00417 ಅಂತಲೇ ಬಂದಿದೆ.

ಹಳೇ_ಕಡತ

ಬರುತ್ತದೆ, ಒಪ್ಪಿದೆ. ತೋರಿಸಿದ್ದನ್ನೇ ಬರೆಯುತ್ತದೆ ಅಂದೆನಲ್ಲ, ಆ ಗುಣ ಇಲ್ಲಿ ನಿಮ್ಮ ಕಡೆಗೆ ನಿಂತಿದೆ. ಎಲ್ಲಾ ಕೋಡೂ ಐದೇ ಅಂಕಿ ಇದ್ದರೆ ಸರಿ. ಅಕೌಂಟ್ ನಂಬರಿನಲ್ಲಿ ಒಂದು 11, ಒಂದು 12, ಒಂದು 14, ಒಂದು 16. ಎಷ್ಟು ಸೊನ್ನೆ ಅಂತ ಹಾಕುತ್ತೀರಿ? ಹದಿನಾರನೇ ಅಂಕಿಯಂತೂ ಯಾವ ಫಾರ್ಮ್ಯಾಟ್‌ಗೂ ವಾಪಸ್ ಬರುವುದಿಲ್ಲ. ಮೇಲಾಗಿ ಆ ಫೈಲನ್ನು ಮತ್ತೆ ಡಬಲ್ ಕ್ಲಿಕ್ ಮಾಡಿದರೆ ಸೊನ್ನೆ ಮತ್ತೆ ಮಾಯ.

ದುರ್ಗದ_ಹುಡುಗ_ಬೆಂಗಳೂರು

ಹೊಸ ಎಕ್ಸೆಲ್ ಇರುವವರಿಗೆ ಇಷ್ಟೆಲ್ಲ ಬೇಡ ಬಿಡಿ. ಮೈಕ್ರೋಸಾಫ್ಟ್ 365ರಲ್ಲಿ 2023ರಿಂದ ಇದನ್ನು ಆಫ್ ಮಾಡೋಕೆ ಬಿಟ್ಟಿದ್ದಾರೆ. File, Options, Data, ಅಲ್ಲಿ Automatic Data Conversion. ಮುಂದಿನ ಸೊನ್ನೆ ತೆಗೆಯೋದು, ಉದ್ದ ನಂಬರನ್ನು E+ ಮಾಡೋದು, ಎಲ್ಲದರ ಟಿಕ್ ತೆಗೆಯಬಹುದು. ನಾನು ತೆಗೆದಿದ್ದೇನೆ, ಆರಾಮಾಗಿದ್ದೇನೆ.

ಇದೇನು ನಮ್ಮೂರ ಗೋಳು ಮಾತ್ರ ಅಲ್ಲ. ವಂಶವಾಹಿ ಸಂಶೋಧನೆ ಮಾಡುವವರ ಪಟ್ಟಿಯಲ್ಲಿ MARCH1 ಅಂತ ಒಂದು ಜೀನ್ ಇತ್ತು. ಎಕ್ಸೆಲ್ ಅದನ್ನು 1-Mar ಮಾಡುತ್ತಿತ್ತು. ಸಾಕಾಗಿ ಜೀನಿನ ಹೆಸರನ್ನೇ MARCHF1 ಅಂತ ಬದಲಿಸಿದರು. ಅಷ್ಟು ದೊಡ್ಡ ವಿಜ್ಞಾನಿಗಳೇ ಸೋತಿದ್ದಾರೆ, ನಾವೆಲ್ಲ ಯಾವ ಲೆಕ್ಕ.

ಹಳೇ_ಕಡತ

ಒಳ್ಳೆಯ ಸೌಲಭ್ಯ. ಆದರೆ ಎರಡು ಮಾತು. ಆ ಸೆಟ್ಟಿಂಗ್ ಇರುವುದು ನಿಮ್ಮ ಕಂಪ್ಯೂಟರಿನಲ್ಲಿ, ಫೈಲಿನಲ್ಲಿ ಅಲ್ಲ. ಪಕ್ಕದ ಟೇಬಲ್ಲಿನವರು ತೆರೆದು ಸೇವ್ ಮಾಡಿದರೆ ಹಳೇ ಕಥೆಯೇ. ಎರಡನೆಯದು, ತಾರೀಕಿನ ಟಿಕ್ ಕೆಲಸ ಮಾಡುವುದು MAR1 ಥರ ಅಕ್ಷರ ಅಂಕಿ ಒಟ್ಟಿಗೆ ಅಂಟಿಕೊಂಡಿದ್ದಕ್ಕೆ. ನಮ್ಮ ಸರ್ವೆ ನಂಬರ್ 14/2ಕ್ಕೆ ಅದನ್ನು ನಂಬಬೇಡಿ. ಪಹಣಿ ಪಟ್ಟಿ ಇರುವವರು 365 ಇದ್ದರೂ ಕಾಲಂಗೆ Text ಹೇಳಿಯೇ ಒಳಗೆ ತರಬೇಕು.

ಹೊಸ ಎಕ್ಸೆಲ್‌ನಲ್ಲಿ ಆ ದಾರಿ ಸ್ವಲ್ಪ ಬೇರೆ. Data ಒಳಗೆ From Text/CSV ಒತ್ತಿದರೆ ಮುನ್ನೋಟ ಬರುತ್ತದೆ. ಮೇಲೆ Data Type Detection ಅಂತ ಇರುತ್ತದೆ, ಅಲ್ಲಿ Do not detect data types ಆರಿಸಬೇಕು. ಒಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಹಾಗೆ ಆರಿಸಿದಾಗ ತಲೆಬರಹದ ಸಾಲು ಕೆಳಗಿಳಿದು, ಕಾಲಂಗಳ ಹೆಸರು Column1, Column2 ಅಂತ ಆಗಬಹುದು. ಅದನ್ನು ಸರಿಮಾಡಲು Transform Data ಒಳಗೆ ಹೋಗಿ Use First Row as Headers ಒತ್ತುತ್ತೀರಿ. ಒತ್ತಿದ ಕೂಡಲೇ ಬಲಗಡೆ ಪಟ್ಟಿಯಲ್ಲಿ Changed Type ಅಂತ ಒಂದು ಹೆಜ್ಜೆ ತಾನಾಗಿ ಸೇರಿಕೊಳ್ಳುತ್ತದೆ. ಬೇಡ ಅಂದ ಊಹೆಯನ್ನೇ ಅದು ಮತ್ತೆ ಮಾಡಿರುತ್ತದೆ. ಅದರ ಪಕ್ಕದ ಗುಣಿಸು ಗುರುತು ಒತ್ತಿ ಆ ಹೆಜ್ಜೆ ಅಳಿಸಿ, ಆಮೇಲೆ Close & Load.

ಮೆಕ್ಕೆಜೋಳ_ಜಗಳೂರು

From Text ಮಾಡಿದೆ ಸರ್. ಚೆನ್ನಾಗಿ ಬಂತು. ಎಲ್ಲಾ ಎಡಕ್ಕೆ. ಆದರೆ ಪ್ರತಿ ಸೆಲ್ಲಿನ ಮೂಲೆಯಲ್ಲಿ ಒಂದು ಹಸಿರು ಚುಕ್ಕೆ ಬಂತು. ತಪ್ಪು ಅಂತ ಹೇಳುತ್ತಿದೆ ಅಂದುಕೊಂಡು ಅದರ ಮೇಲೆ ಒತ್ತಿ Convert to Number ಕೊಟ್ಟೆ. ಚುಕ್ಕೆ ಹೋಯ್ತು. E+15 ಬಂತು. 😭

ತುಂಗಭದ್ರಾ_ಹರಿಹರ

ನಾನೂ ಯಾವಾಗಲೂ ಆ ಹಸಿರು ತೆಗೆದೇ ಮುಂದಿನ ಕೆಲಸ ಮಾಡೋದು. ಈಗ ಹೆದರಿಕೆ ಶುರುವಾಯ್ತು.

ಹಳೇ_ಕಡತ

Ctrl+Z ಒತ್ತಿ ಅಕ್ಕಾರೇ. ಆಗದಿದ್ದರೆ ಮುಚ್ಚಿ, ಮತ್ತೆ ಒಳಗೆ ತನ್ನಿ. ಈ ಕೆಲಸದಲ್ಲಿ ಹಸಿರು ಚುಕ್ಕೆ ಇರುವುದೇ ಒಳ್ಳೆಯದು. ಅಂಕಿಯನ್ನು ಅಕ್ಷರವಾಗಿ ಇಟ್ಟಿದ್ದೀರಲ್ಲ ಅಂತ ಅದರ ದೂರು. ಬೇಕಂತಲೇ ಇಟ್ಟಿದ್ದೇವೆ.

ಮೆಕ್ಕೆಜೋಳ_ಜಗಳೂರು

ಆಯ್ತು, ಸರಿಯಾಯ್ತು. ಈಗ ಇನ್ನೊಂದು. 41 ಜನ ಬೇರೆ ಮಾಡಿದ ಮೇಲೆ ಒಂದೇ ಅಕೌಂಟ್ ಎರಡು ಸಲ ಬಂದಿದೆಯಾ ಅಂತ ಮೂಲ ಪಟ್ಟಿಯಲ್ಲಿ COUNTIF ಹಾಕಿ ನೋಡಿದೆ. ಒಂದು ಮನೆಯ ಗಂಡ ಹೆಂಡತಿ ಇಬ್ಬರಿಗೂ 2 ಅಂತ ತೋರಿಸುತ್ತಿದೆ. ಇಬ್ಬರೂ ಒಂದೇ ದಿನ ಅಕೌಂಟ್ ಮಾಡಿಸಿದವರು. ನಂಬರ್ ನೋಡಿದರೆ ಕೊನೆಯ ಅಂಕಿ ಮಾತ್ರ ಬೇರೆ. Text ಆಗಿಯೇ ಇದೆ, ISTEXT TRUE ಬರುತ್ತಿದೆ. ಮತ್ತೆ ಯಾಕೆ ಎರಡು?

ಹಳೇ_ಕಡತ

ಬಹಳ ಜನ ಇಲ್ಲಿ ಎಡವುತ್ತಾರೆ, ಮೇಲ್ನೋಟಕ್ಕೆ ಗೊತ್ತೇ ಆಗುವುದಿಲ್ಲ. ಸೆಲ್ಲಿನಲ್ಲಿ ಅಕ್ಷರ ಇದ್ದರೂ COUNTIF ಹೋಲಿಸುವಾಗ ಅದನ್ನು ಸಂಖ್ಯೆ ಅಂತಲೇ ನೋಡುತ್ತದೆ. ಹದಿನೈದು ಅಂಕಿ ಒಂದೇ ಇದ್ದರೆ ಎರಡೂ ಒಂದೇ ಅಂದುಬಿಡುತ್ತದೆ. ಇದನ್ನು ನಂಬಿ ಒಬ್ಬರ ಸಾಲು ಅಳಿಸಿದರೆ ಕಥೆ ಮುಗಿಯಿತು. ಇದನ್ನು ಹಾಕಿ, ಇದು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ:

```
=SUMPRODUCT(--(D$2:D$187=D2))
```

ಮೆಕ್ಕೆಜೋಳ_ಜಗಳೂರು

ಎಲ್ಲಾ 1 ಬಂತು. ಸಿಎಸ್‌ವಿಯಾಗಿ ಸೇವ್ ಮಾಡಿ ನೋಟ್‌ಪ್ಯಾಡ್‌ನಲ್ಲೇ ನೋಡಿದೆ, ಎಕ್ಸೆಲ್‌ನಲ್ಲಿ ತೆರೆದಿಲ್ಲ. ಅಂಕಿ ಪೂರ್ತಿ ಇವೆ. ಸರ್ವೆ ನಂಬರೂ ಸರಿ ಇದೆ.

ಚಿತ್ರದುರ್ಗ_ಮೇಷ್ಟ್ರು

ಈಗ ನನ್ನ ಸರದಿ ಬಂತಾ?

ಹಳೇ_ಕಡತ

ಬಂತು ಮೇಷ್ಟ್ರೇ. ಕನ್ನಡದ್ದು ಮೊದಲು. ನಿಮ್ಮ ಫೈಲ್ ಯುಟಿಎಫ್-8ರಲ್ಲಿದೆ, ಎಕ್ಸೆಲ್ ಅದನ್ನು ಹಳೇ ಇಂಗ್ಲಿಷ್ ಲಿಪಿ ಅಂತ ಓದುತ್ತಿದೆ. ಮೇಲೆ ಹೇಳಿದ ಅದೇ ಮೂರು ಮೆಟ್ಟಿಲಿನ ಕಿಟಕಿಯಲ್ಲಿ, ಮೊದಲನೇ ಮೆಟ್ಟಿಲಿನಲ್ಲೇ File origin ಅಂತ ಇದೆ. ಅಲ್ಲಿ 65001 : Unicode (UTF-8) ಆರಿಸಿ. ಅಕ್ಷರ ಬರುತ್ತವೆ. ವಾಪಸ್ ಸೇವ್ ಮಾಡುವಾಗ ಹುಷಾರು. ಹಳೇ ಎಕ್ಸೆಲ್‌ನಲ್ಲಿ ಮಾಮೂಲಿ CSV ಕೊಟ್ಟರೆ ಕನ್ನಡವೆಲ್ಲ ????? ಆಗುತ್ತದೆ, ಆಮೇಲೆ ಅದಕ್ಕೆ ಔಷಧ ಇಲ್ಲ. ಹೊಸದರಲ್ಲಿ CSV UTF-8 ಅಂತ ಬೇರೆಯೇ ಇದೆ. ಹಳೇದೇ ಇದ್ದರೆ ಅಡಿಕೆಯವರ ಮಾತು ಕೇಳಿ, ಲಿಬ್ರೆಆಫೀಸ್ ಹಾಕಿಕೊಳ್ಳಿ.

ತಾರೀಕಿಗೆ ಒಂದು ಪ್ರಶ್ನೆ. ವಿಂಡೋಸ್‌ನ Region ಒಳಗೆ ಏನಿದೆ ನೋಡಿ.

ಚಿತ್ರದುರ್ಗ_ಮೇಷ್ಟ್ರು

English (United States) ಅಂತಿದೆ. ಬಂದಾಗಿನಿಂದ ಹಾಗೇ ಇದೆ, ಯಾರೂ ಮುಟ್ಟಿಲ್ಲ.

ಹಳೇ_ಕಡತ

ಅದೇ. ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. 05-06-2012 ಅಂತ ಕಂಡಾಗ ಅದು ಮೇ 6 ಅಂತ ಓದಿತು. ಪರದೆ ಮೇಲೆ 5/6/2012 ಅಂತ ತೋರಿಸಿತು. ನಮ್ಮ ಕಣ್ಣಿಗೆ ಅದು ಜೂನ್ 5, ಸರಿಯಾಗೇ ಇದೆ ಅನ್ನಿಸುತ್ತದೆ. ತಿಂಗಳ ಹೆಸರು ಬರಲಿ ಅಂದಾಗಲೇ ಬಣ್ಣ ಬಯಲಾದದ್ದು. 25-06-2012 ಇದ್ದದ್ದು ತಾರೀಕೇ ಅಲ್ಲ ಅಂತ ಅಕ್ಷರವಾಗಿ ಎಡಕ್ಕೆ ಉಳಿಯಿತು, 25ನೇ ತಿಂಗಳು ಇಲ್ಲವಲ್ಲ. ಅಂದರೆ ಎಡಕ್ಕಿರುವ ಮಕ್ಕಳ ತಾರೀಕು ಸರಿ. ಬಲಕ್ಕಿರುವವು ಅದಲು ಬದಲು. ಬಲಕ್ಕಿರುವುದರಲ್ಲಿ ದಿನ ಹನ್ನೆರಡು ದಾಟಿದ್ದು ಒಂದೂ ಇರಬಾರದು, ಪರೀಕ್ಷೆ ಮಾಡಿ ನೋಡಿ. ಇಲ್ಲದಿದ್ದರೆ ಬಲಕ್ಕಿರುವ ಸಾಲುಗಳಿಗೆ ಮಾತ್ರ ಇದನ್ನು ಹಾಕಬಹುದು:

```
=DATE(YEAR(E2),DAY(E2),MONTH(E2))
```

ಚಿತ್ರದುರ್ಗ_ಮೇಷ್ಟ್ರು

ನೋಡಿದೆ ಸರ್. ಬಲಕ್ಕಿರುವುದರಲ್ಲಿ 19-Aug ಅಂತ ಒಂದಿದೆ, 23-Jan ಅಂತ ಇನ್ನೊಂದು. ಇಂಥವು ಒಂಬತ್ತು ಸಿಕ್ಕವು. ನೆನಪಾಯ್ತು, ಹೋದ ವರ್ಷ ನಮ್ಮ ಗುಮಾಸ್ತರು ಅರ್ಧ ಪಟ್ಟಿ ತಮ್ಮ ಮನೆ ಲ್ಯಾಪ್‌ಟಾಪಿನಲ್ಲಿ ಮಾಡಿದ್ದರು.

ಹಳೇ_ಕಡತ

ಹಾಗಾದರೆ ಸೂತ್ರ ಹಾಕಬೇಡಿ. ಅವರ ಲ್ಯಾಪ್‌ಟಾಪ್ ಇಂಡಿಯಾ ಸೆಟ್ಟಿಂಗ್‌ನಲ್ಲಿ ಇದ್ದಿರಬೇಕು. ಅಲ್ಲಿಂದ ಬಂದದ್ದು ಸರಿ, ನಿಮ್ಮಲ್ಲಿ ತೆರೆದದ್ದು ಅದಲು ಬದಲು. ದಿನ ಹನ್ನೆರಡರೊಳಗಿದ್ದರೆ ಯಾವುದು ಯಾವ ಕಂಪ್ಯೂಟರಿನದ್ದು ಅಂತ ಫೈಲ್ ನೋಡಿ ಹೇಳುವ ದಾರಿ ನನಗೆ ಕಾಣುತ್ತಿಲ್ಲ. ಎಷ್ಟು ಮಕ್ಕಳು?

ಚಿತ್ರದುರ್ಗ_ಮೇಷ್ಟ್ರು

ಅಂಥವು 83. ದಾಖಲಾತಿ ಪುಸ್ತಕ ಬೀರುವಿನಲ್ಲಿದೆ, ಕೈಬರಹದ್ದು.

ಅಡಿಕೆ_ಚನ್ನಗಿರಿ

ಗುಮಾಸ್ತರ ಲ್ಯಾಪ್‌ಟಾಪಿನಲ್ಲಿ ಹಳೇ ಫೈಲ್ ಇನ್ನೂ ಇರಬಹುದು, ಕೇಳಿ ನೋಡಿ. 83 ಸಾಲು ಪುಸ್ತಕ ನೋಡಿ ತಿದ್ದೋಕೆ ಮೊದಲು ಒಂದು ಫೋನ್ ಮಾಡೋದು ಮೇಲು.

ಚಿತ್ರದುರ್ಗ_ಮೇಷ್ಟ್ರು

ಅವರು ವರ್ಗ ಆಗಿ ಹೊಸದುರ್ಗಕ್ಕೆ ಹೋದರು. ಫೋನ್ ಮಾಡುತ್ತೇನೆ.

ಮೆಕ್ಕೆಜೋಳ_ಜಗಳೂರು

ಸೋಮವಾರ ಮಧ್ಯಾಹ್ನ ಬರೆಯುತ್ತಿದ್ದೇನೆ. 41ರ ಫೈಲ್ ಬೆಳಗ್ಗೆ ಹಾಕಿದೆವು. 40 ಹೋಗಿದೆ. ಒಂದು ಮತ್ತೆ ವಾಪಸ್. ನೋಟ್‌ಪ್ಯಾಡ್‌ನಲ್ಲಿ, ಮೂಲ ಫೈಲಿನಲ್ಲಿ, ಎರಡರಲ್ಲೂ ನಂಬರ್ ಒಂದೇ ಇದೆ. ಆ ರೈತರೇ ಪಾಸ್‌ಬುಕ್ ಹಿಡಿದುಕೊಂಡು ಬಂದಿದ್ದಾರೆ. ನೋಡಿದರೆ ನಾವು ಸದಸ್ಯತ್ವದ ದಿನವೇ 6 ಬದಲು 0 ಬರೆದುಕೊಂಡಿದ್ದೇವೆ. ಇದಕ್ಕೆ ಮಾತ್ರ ಎಕ್ಸೆಲ್ ಕಾರಣ ಅಲ್ಲ.